ನಂಬರು ಒಂದು, ಪಾಲು ಆರು

ಜಮೀನಿನ ಪತ್ರವನ್ನು ಮೇಲಿಂದ ಕೆಳಕ್ಕೆ ಓದುವುದು ನಮ್ಮ ರೂಢಿ. ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು, ನಿಟ್ಟೂರು ಹೋಬಳಿ, ಇಂಥ ಗ್ರಾಮದ ಸರ್ವೆ ನಂಬರು ಇಷ್ಟರ ಪೈಕಿ ಇಷ್ಟು ಎಕರೆ ಇಷ್ಟು ಗುಂಟೆ ಎಂದು ಕ್ರಯಪತ್ರ ಶುರುವಾಗುತ್ತದೆ. ಓದುವವನ ಕಣ್ಣು ಜಿಲ್ಲೆಯಿಂದ ಹೊರಟು ಮೆಟ್ಟಿಲಿಳಿದು ಕೊನೆಗೆ ನಂಬರಿಗೆ ಬಂದು ನಿಲ್ಲುತ್ತದೆ. ನಂಬರು ಸಿಕ್ಕಿತಲ್ಲ, ಇನ್ನೇನು ಜಮೀನು ಸಿಕ್ಕಿದ ಹಾಗೇ ಎಂಬ ಭಾವನೆ. ಗ್ರಾಮ ಲೆಕ್ಕಿಗರು ಶಾಯಿಯಲ್ಲಿ ಬರೆಯುತ್ತಿದ್ದ ಉದ್ದದ ಪಹಣಿ ಪುಸ್ತಕದಿಂದ ಹಿಡಿದು ಈಗಿನ ಗಣಕೀಕೃತ ಪಹಣಿಯವರೆಗೆ ಈ ಕಾಗದಗಳ ನಡುವೆಯೇ ವರ್ಷಗಳನ್ನು ಕಳೆದ ಮೇಲೆ, ಆ ಭಾವನೆಯೇ ನಮ್ಮ ಹಳ್ಳಿಗಳ ಅರ್ಧದಷ್ಟು ಜಮೀನು ತಕರಾರುಗಳ ತಾಯಿಬೇರು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಸರ್ವೆ ನಂಬರು ಹುಟ್ಟಿದ್ದು ಯಾರ ಜಮೀನು ಎಂದು ಹೇಳುವುದಕ್ಕಲ್ಲ, ಯಾವ ನೆಲಕ್ಕೆ ಎಷ್ಟು ಕಂದಾಯ ಎಂದು ಹೇಳುವುದಕ್ಕೆ. ಆ ನಂಬರನ್ನು ಕಾಗದದ ಮೇಲೆ ಹಂಚಿಕೊಳ್ಳುತ್ತ, ನೆಲದ ಮೇಲೆ ಹಂಚದೆ ಬಿಟ್ಟಲ್ಲೆಲ್ಲ ದಾಖಲೆ ಸುಳ್ಳು ಹೇಳಲು ಶುರುಮಾಡುತ್ತದೆ. ಪಹಣಿಯನ್ನು ಎಷ್ಟೇ ಚೆನ್ನಾಗಿ ಮುದ್ರಿಸಿದರೂ ಆ ಸುಳ್ಳು ಹೋಗುವುದಿಲ್ಲ.

ಈ ವಿಳಾಸದಲ್ಲಿ ಯಾವುದು ಗಟ್ಟಿ, ಯಾವುದು ಸಡಿಲ ಎಂಬುದನ್ನು ಮೊದಲು ನೋಡಬೇಕು. ಮೇಲಿನ ಮೆಟ್ಟಿಲುಗಳೇ ಸಡಿಲ. ಹರಪನಹಳ್ಳಿ ತಾಲ್ಲೂಕನ್ನೇ ತೆಗೆದುಕೊಳ್ಳಿ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಅದು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹೊಸ ಜಿಲ್ಲೆಗಳಾದಾಗ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿನ ಒಬ್ಬ ರೈತ ಹೊಲ ಬಿಟ್ಟು ಕದಲದೆ ಕಾಲು ಶತಮಾನದೊಳಗೆ ಮೂರು ಸಲ ಜಿಲ್ಲೆಯ ಹೆಸರು ಬದಲಿಸಿ ಬರೆದಿರುತ್ತಾನೆ. ಆದರೆ ಅವನ ಗ್ರಾಮದ ಸರ್ವೆ ನಂಬರು ಒಂದು ಅಂಕಿಯೂ ಬದಲಾಗಲಿಲ್ಲ. ಅಷ್ಟೇ ಅಲ್ಲ, ದಾವಣಗೆರೆಯ ಹಳೇ ಮೈಸೂರು ದಾಖಲೆಗಳಲ್ಲಿ ವಿಸ್ತೀರ್ಣ ಎಕರೆ ಗುಂಟೆಯಲ್ಲಿದ್ದರೆ, ಮದ್ರಾಸಿನ ಅಳತೆ ಕಂಡ ಬಳ್ಳಾರಿ ಕಡೆಯದು ಎಕರೆ ಸೆಂಟ್ಸಿನಲ್ಲಿ. ಅಲ್ಲಿ ಎಕರೆಗೆ 100 ಸೆಂಟ್ಸು, ಇಲ್ಲಿ 40 ಗುಂಟೆ. ಜಿಲ್ಲಾ ಕೇಂದ್ರ ದಾವಣಗೆರೆಗೆ ಬಂದ ಮಾತ್ರಕ್ಕೆ ಸೆಂಟ್ಸು ಗುಂಟೆಯಾಗಲಿಲ್ಲ. ಎರಡೂವರೆ ಎಕರೆಯನ್ನು ಒಂದು ಕಡೆ 2-50 ಎಂದೂ ಇನ್ನೊಂದು ಕಡೆ 2-20 ಎಂದೂ ಬರೆಯುವುದು ನಡೆದೇ ಇತ್ತು. ಆಡಳಿತದ ಗೆರೆಯನ್ನು ಒಂದು ಆದೇಶದಲ್ಲಿ ಅಳಿಸಿ ಬರೆಯಬಹುದು. ಅಳತೆಯ ಗೆರೆಯನ್ನು ಹಾಗೆ ಮಾಡಲಾಗದು.

ಹಾಗಾದರೆ ತಾಲ್ಲೂಕು, ಹೋಬಳಿ ಎಂಬ ಮೆಟ್ಟಿಲುಗಳು ಏಕೆ ಬೇಕು ಎಂದು ಕೇಳುವವರಿದ್ದಾರೆ. ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಹೋಬಳಿ ಯಾಕೆ, ಗ್ರಾಮ ಮತ್ತು ನಂಬರು ಸಾಲದೆ ಎಂಬುದು ಅವರ ವಾದ. ಸಾಲದು. ಸರ್ವೆ ನಂಬರು ಪ್ರತಿ ಗ್ರಾಮದಲ್ಲೂ ಒಂದರಿಂದಲೇ ಶುರುವಾಗುತ್ತದೆ. ಜಿಲ್ಲೆಯೊಂದರಲ್ಲಿ 74 ಎಂಬ ನಂಬರು ನೂರಾರು ಇರುತ್ತವೆ. ಹೊಸಹಳ್ಳಿ, ಬೊಮ್ಮನಹಳ್ಳಿಯಂಥ ಹೆಸರುಗಳು ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಕಡೆ ಬಂದರೂ ಅಚ್ಚರಿಯಿಲ್ಲ. ಅವನ್ನು ಬೇರ್ಪಡಿಸುವುದು ಹೋಬಳಿ. ಅದಕ್ಕಿಂತ ಮುಖ್ಯವಾಗಿ, ಹೋಬಳಿ ಎಂಬುದು ಕಾಗದಕ್ಕೂ ಹೊಲಕ್ಕೂ ನಡುವೆ ಓಡಾಡುವ ಮನುಷ್ಯರಿರುವ ಜಾಗ. ಹಳೇ ಮೈಸೂರಿನಲ್ಲಿ ತಾಲ್ಲೂಕಿಗೆ ಅಮಲ್ದಾರರು, ಹೋಬಳಿಗೆ ಶೇಕ್‌ದಾರರು, ಊರಿಗೆ ಪಟೇಲರು ಮತ್ತು ಶಾನುಭೋಗರು ಇದ್ದರು. ಈಗ ತಹಶೀಲ್ದಾರರು, ಕಂದಾಯ ನಿರೀಕ್ಷಕರು, ಗ್ರಾಮ ಆಡಳಿತ ಅಧಿಕಾರಿಗಳು ಇದ್ದಾರೆ. ಖಾತೆ ಬದಲಾವಣೆಯ ತಕರಾರು ಬಂದಾಗ ಸ್ಥಳಕ್ಕೆ ಹೋಗಿ ಮಹಜರು ಬರೆಯುವವರು ಹೋಬಳಿಯ ಆರ್‌ಐ. ನಾಡಕಚೇರಿ ಇರುವುದು ಹೋಬಳಿಯಲ್ಲಿ, ರೈತ ಸಂಪರ್ಕ ಕೇಂದ್ರ ಇರುವುದು ಹೋಬಳಿಯಲ್ಲಿ, ಮಳೆಯ ಲೆಕ್ಕ ಕೂಡ ಹೋಬಳಿವಾರು. ಆದರೂ ಇವೆಲ್ಲ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರಗಳೇ ಹೊರತು, ನೆಲ ಎಲ್ಲಿದೆ ಎಂಬ ಪ್ರಶ್ನೆಗಲ್ಲ. ನೆಲ ಎಲ್ಲಿದೆ ಎಂದು ಹೇಳುವುದು ಗ್ರಾಮದ ನಕ್ಷೆ ಮತ್ತು ನಂಬರು ಮಾತ್ರ.

ಇಲ್ಲಿ ಗ್ರಾಮ ಎಂದರೆ ಮನೆಗಳ ಗುಂಪು ಎಂದು ತಿಳಿಯಬಾರದು. ಕಂದಾಯ ಇಲಾಖೆಯ ಗ್ರಾಮ ಎಂದರೆ ಸುತ್ತ ಗಡಿ ಹಾಕಿ ಒಳಗಿನ ಪ್ರತಿ ತುಂಡು ನೆಲಕ್ಕೂ ನಂಬರು ಕೊಟ್ಟ ಪ್ರದೇಶ. ಒಂದು ಮನೆಯೂ ಇಲ್ಲದ ಬೇಚಿರಾಕ್ ಗ್ರಾಮಗಳಿಗೆ ತಮ್ಮದೇ ನಕ್ಷೆ, ತಮ್ಮದೇ ನಂಬರುಗಳು ಇವೆ. ಇನ್ನೂರು ಮನೆಗಳ ಗೊಲ್ಲರಹಟ್ಟಿಯೋ ತಾಂಡಾವೋ ಮೊನ್ನೆ ಮೊನ್ನೆಯವರೆಗೂ ದಾಖಲೆಯಲ್ಲಿ ಗ್ರಾಮವೇ ಆಗಿರಲಿಲ್ಲ, ಯಾವುದೋ ಊರಿನ ಗೋಮಾಳದ ನಂಬರಿನೊಳಗಿನ ಗುಡಿಸಲುಗಳಾಗಿದ್ದವು. ಅವನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ನಡೆದದ್ದು ಈಚಿನ ವರ್ಷಗಳಲ್ಲಿ. ಜನರಿಲ್ಲದ ಕಡೆ ಗ್ರಾಮ, ಜನರಿದ್ದ ಕಡೆ ಗ್ರಾಮವಿಲ್ಲ. ಈ ವಿಚಿತ್ರ ಹೇಗಾಯಿತು ಎಂದು ಹಿಡಿದರೆ ಸರ್ವೆ ನಂಬರಿನ ಹುಟ್ಟುಗುಣವೇ ಗೊತ್ತಾಗುತ್ತದೆ.

ಬೌರಿಂಗ್ ಕಮಿಷನರ್ ಆಗಿದ್ದ ಕಾಲದಲ್ಲಿ, 1863ರಲ್ಲಿ, ಮೈಸೂರು ಸೀಮೆಗೆ ಕಂದಾಯ ಸರ್ವೆ ಬಂತು. ಮಾದರಿ ಬೊಂಬಾಯಿಯದು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಅಧಿಕಾರಿಗಳು 1847ರ ಜಂಟಿ ವರದಿಯಲ್ಲಿ ಅದರ ನಿಯಮಗಳನ್ನು ಕಟ್ಟಿಕೊಟ್ಟಿದ್ದರು. ಒಂದು ನಂಬರು ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಅವರು ಹಿಡಿದ ಅಂದಾಜು ಒಂದು ಜೊತೆ ಎತ್ತಿನಲ್ಲಿ ಆರಂಬ ಮಾಡಬಹುದಾದಷ್ಟು ನೆಲ. ಕೆಂಪು ಮರಳು ಭೂಮಿಯಲ್ಲಿ ಅದು ದೊಡ್ಡದು, ಕೆರೆಯ ಕೆಳಗಿನ ಗದ್ದೆಯಲ್ಲಿ ಚಿಕ್ಕದು. ಅಂದರೆ ನಂಬರಿನ ಗಾತ್ರ ತೀರ್ಮಾನವಾದದ್ದು ಒಬ್ಬನ ಆಸ್ತಿ ಎಷ್ಟು ಎಂಬುದರಿಂದಲ್ಲ, ಉಳುಮೆ ಮತ್ತು ಕಂದಾಯದ ಅನುಕೂಲದಿಂದ. ಆಮೇಲೆ ಆ ನಂಬರನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಮಣ್ಣಿನ ದರ್ಜೆಯನ್ನು ಆಣೆಯ ಲೆಕ್ಕದಲ್ಲಿ ಕಟ್ಟಿ, ಆಕಾರ ನಿಗದಿ ಮಾಡಿದರು. ಇದನ್ನೆಲ್ಲ ಬರೆದಿಟ್ಟ ಪುಸ್ತಕವೇ ಆಕಾರ್‌ಬಂದ್. ಅದರಲ್ಲಿ ನಂಬರು, ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಉಳಿದ ಸಾಗುವಳಿ ಜಮೀನು ಎಷ್ಟು, ಅದಕ್ಕೆ ಆಕಾರ ಎಷ್ಟು ಎಂಬುದಿದೆ. ಮಾಲೀಕನ ಹೆಸರಿಗೆ ಅದರಲ್ಲಿ ಜಾಗವಿಲ್ಲ. ನಮ್ಮ ದಾಖಲೆಗಳ ಅಡಿಗಲ್ಲಿನಲ್ಲೇ ಮನುಷ್ಯನ ಹೆಸರಿಲ್ಲ ಎಂಬುದನ್ನು ಎಷ್ಟು ಜನ ಗಮನಿಸಿದ್ದಾರೋ ಕಾಣೆ.

ಅಳತೆ ಮಾತ್ರ ಮೆಚ್ಚಬೇಕಾದ್ದು. ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಆಣೆ. ಒಂದು ಆಣೆ ಎಂದರೆ ಎರಡು ಅಡಿಯ ಮೇಲೆ ಮುಕ್ಕಾಲು ಅಂಗುಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಬಂದರೆ ಒಂದು ಗುಂಟೆ, 1,089 ಚದರಡಿ. ಅಂಥ 40 ಸೇರಿದರೆ ಎಕರೆ. ಹೊಲದ ನಡುವೆ ಒಂದು ನೇರ ಗೆರೆ ಹಿಡಿದು, ಅದರಿಂದ ಎಡಬಲಕ್ಕೆ ಮೂಲೆಗಳವರೆಗೆ ಲಂಬವಾಗಿ ಅಳೆದು, ಆ ಅಂಕಿಗಳನ್ನು ಕೈಯಲ್ಲಿ ಬರೆದ ಚಿತ್ರದ ಮೇಲೆ ಗುರುತಿಸುತ್ತಿದ್ದರು. ಅದೇ ಟಿಪ್ಪಣಿ. ಚಿತ್ರ ಅಳತೆಗೆ ತಕ್ಕಂತೆ ಇರುವುದಿಲ್ಲ, ಅಂಕಿಗಳೇ ಅದರ ಪ್ರಾಣ. ಮೂಲೆಗಳಲ್ಲಿ ಬಾಂದು ಕಲ್ಲು ನೆಟ್ಟರು. ನೂರೈವತ್ತು ವರ್ಷದ ಮೇಲೂ ಮೂರು ಬಾಂದು ಕಲ್ಲು ಸಿಕ್ಕಿ ಟಿಪ್ಪಣಿ ಓದಲು ಬಂದರೆ ಭೂಮಾಪಕ ಆ ನಂಬರಿನ ಉಳಿದ ಗೆರೆಯನ್ನು ನೆಲದ ಮೇಲೆ ಮತ್ತೆ ಎಳೆಯಬಲ್ಲ. ಇಷ್ಟು ಗಟ್ಟಿಯಾದದ್ದು ನಂಬರಿನ ಹೊರಗೆರೆ. ಒಳಗೆ ಏನಾಗುತ್ತದೆ ಎಂಬುದು ಮೂಲ ಸರ್ವೆಗೆ ಬೇಕಿರಲಿಲ್ಲ.

ತೊಂದರೆ ಶುರುವಾಗುವುದು ಒಳಗೆ. ಮಾದರಿಗೆ ಒಂದು ಲೆಕ್ಕ ಹಾಕೋಣ. ತುಮಕೂರಿನ ಕಡೆಯ ಯಾವುದೋ ಗ್ರಾಮದ ನಂಬರು 74 ಎಂದಿಟ್ಟುಕೊಳ್ಳಿ. ಆಕಾರ್‌ಬಂದ್ ಪ್ರಕಾರ ಒಟ್ಟು 6 ಎಕರೆ 12 ಗುಂಟೆ. ಅದರಲ್ಲಿ ಹಳ್ಳ ಮತ್ತು ಬಂಡಿದಾರಿಗೆ 14 ಗುಂಟೆ ಖರಾಬು. ಉಳಿದದ್ದು 5 ಎಕರೆ 38 ಗುಂಟೆ. ಮೂವರು ಅಣ್ಣತಮ್ಮಂದಿರು ಮನೆಯಲ್ಲೇ ಪಾಲುಪಟ್ಟಿ ಬರೆಸಿಕೊಳ್ಳುತ್ತಾರೆ. ಸರಿಯಾಗಿ ಹಂಚಿದರೆ ತಲೆಗೆ 1 ಎಕರೆ 39 ಗುಂಟೆಯ ಮೇಲೆ ಐದು ಆಣೆ ಚಿಲ್ಲರೆ. ಆದರೆ ಆರು ಎಕರೆ ಜಮೀನು, ಮೂರು ಜನ, ತಲೆಗೆರಡು ಎಕರೆ ಎಂದು ಪಂಚರು ಹೇಳುತ್ತಾರೆ. ಯಾರಿಗೂ ಬೇಜಾರಿಲ್ಲ. ಪಹಣಿಯಲ್ಲಿ ಮೂವರ ಹೆಸರೂ ಎರಡೆರಡು ಎಕರೆಯೊಂದಿಗೆ ಜಂಟಿಯಾಗಿ ಕೂರುತ್ತದೆ. ಹಿರಿಯ ರಸ್ತೆ ಪಕ್ಕದ ಒಂದು ಎಕರೆ ಮಾರುತ್ತಾನೆ. ನಡುವಿನವನು 30 ಗುಂಟೆ ಮಾರುತ್ತಾನೆ. ಕಿರಿಯ ತೀರಿಕೊಂಡ ಮೇಲೆ ಇಬ್ಬರು ಮಕ್ಕಳಿಗೆ ಒಂದೊಂದು ಎಕರೆ ಬರುತ್ತದೆ. ಈಗ 74ರ ಪಹಣಿಯಲ್ಲಿ ಆರು ಹೆಸರು: ಹಿರಿಯನಿಗೆ 1-00, ಅವನಿಂದ ಕೊಂಡವನಿಗೆ 1-00, ನಡುವಿನವನಿಗೆ 1-10, ಅವನಿಂದ ಕೊಂಡವನಿಗೆ 0-30, ಕಿರಿಯನ ಮಕ್ಕಳಿಗೆ ಒಂದೊಂದು. ಕೂಡಿದರೆ 5-40 ಬರುತ್ತದೆ. ಗುಂಟೆ 40 ಮುಟ್ಟಿದರೆ ಎಕರೆ, ಹಾಗಾಗಿ ಅದು 6-00. ಕ್ಯಾಲ್ಕುಲೇಟರ್ ಹಿಡಿದವರು ಚುಕ್ಕಿ ಹಾಕಿ ದಶಮಾಂಶದಂತೆ ಓದಿ ಇಲ್ಲೇ ಎಡವುತ್ತಾರೆ. ಆಕಾರ್‌ಬಂದಿನಲ್ಲಿ ಇರುವುದು 5-38. ಪಹಣಿಯಲ್ಲಿ ಎರಡು ಗುಂಟೆ ಜಾಸ್ತಿ. ಎರಡು ಗುಂಟೆ ಎಂದರೆ 2,178 ಚದರಡಿ, ಹೆದ್ದಾರಿ ಪಕ್ಕದಲ್ಲಿ ಅದು ಸಣ್ಣ ಮಾತಲ್ಲ.

ಇಷ್ಟಾದರೂ ಬಹಳ ವರ್ಷ ಯಾರಿಗೂ ಏನೂ ಅನ್ನಿಸುವುದಿಲ್ಲ, ಏಕೆಂದರೆ ನೆಲದ ಮೇಲೆ ಆ ಎರಡು ಗುಂಟೆ ಇದ್ದೇ ಇರುತ್ತದೆ. ಬಂಡಿದಾರಿಯ ಅಂಚನ್ನು ಪ್ರತಿ ವರ್ಷ ಒಂದು ಸಾಲು ಉತ್ತು ಉತ್ತು ಖರಾಬು ಕರಗಿ ಹೊಲಕ್ಕೆ ಸೇರಿರುತ್ತದೆ. ಖರಾಬಿನಲ್ಲಿ ಎರಡು ಬಗೆ. ಬಂಡೆಯಂತೆ ಸಾಗುವಳಿಗೆ ಒದಗದ್ದು ‘ಅ’ ಖರಾಬು, ದಾರಿ ಹಳ್ಳಗಳಂತೆ ಸಾರ್ವಜನಿಕರಿಗೆ ಬಿಟ್ಟದ್ದು ‘ಬ’ ಖರಾಬು. ಎರಡನೆಯದು ಯಾರ ಪಾಲಿಗೂ ಬರತಕ್ಕದ್ದಲ್ಲ. ನಮ್ಮ ಲೆಕ್ಕದಲ್ಲಿ ಪಾಲುಪಟ್ಟಿ ಸದ್ದಿಲ್ಲದೆ ಅದರಲ್ಲೇ ಎರಡು ಗುಂಟೆ ಹಂಚಿಬಿಟ್ಟಿದೆ. ಗುಟ್ಟು ಹೊರಗೆ ಬೀಳುವುದು ಮೂರನೆಯವರು ಬಂದಾಗ. ಎತ್ತಿನಹೊಳೆಯ ಕಾಲುವೆಯಂಥ ಯೋಜನೆಯೋ ರಸ್ತೆ ಅಗಲೀಕರಣವೋ ಬಂತು ಎನ್ನಿ. ಅಧಿಸೂಚನೆಯಲ್ಲಿ ಸರ್ವೆ ನಂಬರು 74ರಲ್ಲಿ 22 ಗುಂಟೆ ಎಂದು ಬರೆದು, ಪಹಣಿಯಲ್ಲಿರುವ ಆರೂ ಹೆಸರನ್ನು ಎದುರಿಗೆ ಹಾಕುತ್ತಾರೆ. ಆ 22 ಗುಂಟೆ ಯಾರ ಕಡೆಯಿಂದ ಹೋಯಿತು? ಪಹಣಿ ಹೇಳುವುದಿಲ್ಲ. ಆಕಾರ್‌ಬಂದಿಗೆ ಆ ಆರು ಜನ ಗೊತ್ತೇ ಇಲ್ಲ. ಟಿಪ್ಪಣಿಯಲ್ಲಿ ಒಳಗೆರೆ ಇಲ್ಲ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ದಕ್ಷಿಣಕ್ಕೆ ಇದೇ ನಂಬರಿನಲ್ಲಿ ನನಗೆ ಉಳಿದ ಜಮೀನು’ ಎಂದಷ್ಟೇ ಇದೆ. ಉಳಿದದ್ದು ಎಲ್ಲಿಂದ ಎಲ್ಲಿಗೆ ಎಂದು ಇಲ್ಲ. ಪರಿಹಾರದ ಹಣ ನ್ಯಾಯಾಲಯದ ಠೇವಣಿಗೆ ಹೋಗುತ್ತದೆ, ಕಾಲುವೆ ತೋಡುವುದು ಮುಗಿದರೂ ಆರು ಮನೆಯವರು ಅಲೆಯುತ್ತಿರುತ್ತಾರೆ.

ಇದನ್ನು ಮುಂಚೆಯೇ ಕಂಡುಹಿಡಿಯುವುದು ಕಷ್ಟವಲ್ಲ, ಮಾಡುವವರು ಕಡಿಮೆ ಅಷ್ಟೆ. ಕೊಳ್ಳುವವರು ಮಾರುವವನ ಪಹಣಿಯೊಂದನ್ನೇ ನೋಡಿ ತೃಪ್ತರಾಗುತ್ತಾರೆ. ನೋಡಬೇಕಾದ್ದು ಆ ನಂಬರಿನ ಎಲ್ಲ ಪಹಣಿಗಳನ್ನು. ಎಲ್ಲ ಹಿಸ್ಸೆಗಳ ವಿಸ್ತೀರ್ಣವನ್ನು ಗುಂಟೆಗೆ ಇಳಿಸಿ ಕೂಡಿ, ಆಕಾರ್‌ಬಂದಿನ ಎದುರು ಇಟ್ಟರೆ ಹೆಚ್ಚುಕಡಿಮೆ ಕಾಣುತ್ತದೆ. ಆಮೇಲೆ ಕೇಳಬೇಕಾದ ಪ್ರಶ್ನೆ ಈ ಹಿಸ್ಸೆಗೆ ತನ್ನದೇ ಟಿಪ್ಪಣಿ ಇದೆಯೇ ಎಂಬುದು. 74/2 ಎಂದು ಪಹಣಿಯಲ್ಲಿದ್ದು ಹಿಸ್ಸಾ ಟಿಪ್ಪಣಿ ಇದ್ದರೆ ಆ ಎರಡನೇ ಹಿಸ್ಸೆ ನೆಲದ ಮೇಲೂ ಇದೆ ಎಂದು ನಂಬಬಹುದು. ಟಿಪ್ಪಣಿಯಿಲ್ಲದೆ ಬರೀ ಪಹಣಿಯಲ್ಲಿ ಹಿಸ್ಸೆ ಇದ್ದರೆ ಅದು ಯಾವುದೋ ಕಾಲದಲ್ಲಿ ಬರೆಯುವವರ ಅನುಕೂಲಕ್ಕೆ ಹುಟ್ಟಿದ ಅಂಕಿ.

ಖಾಸಗಿ ಜಮೀನಿನ ಕಥೆ ಇದಾದರೆ, ಮಂಜೂರಾದ ಸರ್ಕಾರಿ ಜಮೀನಿನದು ಇದರ ಹತ್ತು ಪಟ್ಟು. ಗೋಮಾಳದ ನಂಬರು ಸಾಮಾನ್ಯವಾಗಿ ದೊಡ್ಡದು. ಅದರೊಳಗೆ ಬೇರೆ ಬೇರೆ ವರ್ಷಗಳಲ್ಲಿ ದರಖಾಸ್ತು ಕಮಿಟಿಗಳು ಎರಡು ಎಕರೆ, ನಾಲ್ಕು ಎಕರೆ ಎಂದು ಮಂಜೂರು ಮಾಡಿ ಸಾಗುವಳಿ ಚೀಟಿ ಕೊಟ್ಟವು. ಚೀಟಿಯ ಜತೆಗೆ ಒಂದು ಕೈನಕ್ಷೆ ಇದ್ದರೆ ಅದೃಷ್ಟ. ಅಳತೆ ಆಗದ ಕಾರಣ ಪಹಣಿಯಲ್ಲಿ ಹಿಸ್ಸೆ ನಂಬರು ಕೊಡಲಾಗದೆ ‘ಪೈಕಿ’ ಎಂದು ಬರೆದರು. ಗಣಕಯಂತ್ರ ಬಂದ ಮೇಲೆ ಅದು ಪಿ1, ಪಿ2 ಎಂದಾಯಿತು. ಪಹಣಿ ತೆಗೆಯುವ ಪರದೆಯಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದ ಮೇಲೆ Surnoc ಎಂಬ ಖಾನೆಯಲ್ಲಿ ಒಂದು ನಕ್ಷತ್ರ (*), Hissa ಖಾನೆಯಲ್ಲಿ P1, P2, P3 ಎಂಬ ಸಾಲು ಕಾಣಿಸಿದರೆ, ಇಲ್ಲಿ ಸರಪಳಿ ಬಿದ್ದಿಲ್ಲ ಎಂದು ಓದಿಕೊಳ್ಳಬೇಕು. ಒಬ್ಬೊಬ್ಬರಿಗೆ ಮಂಜೂರು ಮಾಡುವಾಗ ಹಿಂದಿನ ಮಂಜೂರಾತಿಗಳನ್ನು ಕೂಡಿ ನೋಡದೆ, ನಂಬರಿನಲ್ಲಿರುವ ನೆಲಕ್ಕಿಂತ ಮಂಜೂರಾದ ನೆಲವೇ ಹೆಚ್ಚಾಗಿರುವ ಗೋಮಾಳಗಳು ಬಹಳ ಜಿಲ್ಲೆಗಳಲ್ಲಿವೆ. ಅಂಥ ಕಡೆ ಕೊನೆಗೆ ಅಳೆಸಲು ಬಂದವನಿಗೆ ಚೀಟಿ ಇರುತ್ತದೆ, ಪಹಣಿ ಇರುತ್ತದೆ, ನಲವತ್ತು ವರ್ಷದ ಸಾಗುವಳಿಯೂ ಇರುತ್ತದೆ, ನೆಲ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ.

ಭೂಮಿ ಯೋಜನೆ ಬಂದು ಇದನ್ನೆಲ್ಲ ಸರಿಮಾಡಲಿಲ್ಲವೇ ಎಂಬುದು ಸಹಜವಾದ ಆಕ್ಷೇಪ. 2000ದ ಆಸುಪಾಸಿನಲ್ಲಿ ತಾಲ್ಲೂಕು ತಾಲ್ಲೂಕಾಗಿ ಕೈಬರಹದ ಪಹಣಿ ನಿಂತು ಗಣಕದ ಪಹಣಿ ಬಂದದ್ದು ದೊಡ್ಡ ಬದಲಾವಣೆ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಕೈಬರಹದ ಕಾಲದಲ್ಲಿ ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ಚೀಲದಲ್ಲಿರುತ್ತಿತ್ತು. ಬೆಳೆಯ ಕಲಂನಲ್ಲಿ ಯಾರ ಹೆಸರು ನುಸುಳಿತು, ಯಾವ ಅಂಕಿಯನ್ನು ತಿದ್ದಿ ಯಾವ ಅಂಕಿ ಬರೆದರು ಎಂದು ಗೊತ್ತಾಗುವ ಹೊತ್ತಿಗೆ ಕೇಸು ಹೈಕೋರ್ಟಿನಲ್ಲಿರುತ್ತಿತ್ತು. ಆ ತಿದ್ದುಪಡಿಗೆ ಬೀಗ ಬಿತ್ತು, ಖಾತೆ ಬದಲಾವಣೆಗೆ ಸರದಿ ಬಂತು. ಆದರೆ ಭೂಮಿ ಗಣಕಕ್ಕೆ ಏರಿಸಿದ್ದು ಆ ದಿನ ಪುಸ್ತಕದಲ್ಲಿ ಇದ್ದದ್ದನ್ನು. 74ರಲ್ಲಿ ಆರು ಎಕರೆ ಎಂದು ಬರೆದಿದ್ದರೆ ಆರೇ ಎಕರೆ ಏರಿತು. ಪಕ್ಕದ ಸರ್ವೆ ಕಚೇರಿಯ ಆಕಾರ್‌ಬಂದಿನೊಂದಿಗೆ ತಾಳೆ ನೋಡುವ ಕೆಲಸ ಆಮೇಲಿನದಾಯಿತು. ಕಂದಾಯದವರ ಪಹಣಿ ಒಂದು ದಾಖಲೆ, ಸರ್ವೆಯವರ ಆಕಾರ್‌ಬಂದ್ ಇನ್ನೊಂದು. ಎರಡೂ ಒಂದೇ ತಾಲ್ಲೂಕು ಕಚೇರಿಯ ಕಟ್ಟಡದಲ್ಲಿದ್ದು ಬೇರೆ ಬೇರೆ ಕಾಲದಲ್ಲಿ ಬದುಕುತ್ತಿದ್ದವು. ಕಂದಾಯ ಕಾಯ್ದೆ ಪಹಣಿಯ ನಮೂದನ್ನು ಸರಿಯೆಂದೇ ಭಾವಿಸಬೇಕು ಎನ್ನುತ್ತದೆ, ಆದರೆ ತಪ್ಪೆಂದು ಸಾಬೀತಾಗುವವರೆಗೆ ಮಾತ್ರ. ಪಹಣಿಯೇ ಮಾಲೀಕತ್ವದ ಪತ್ರವಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳುತ್ತ ಬಂದಿವೆ. ಅಚ್ಚುಕಟ್ಟಾಗಿ ಮುದ್ರಿತವಾದ ಕಾಗದ ಕೈಗೆ ಬಂದ ಮೇಲೆ ಈ ಮಾತನ್ನು ಕೇಳಿಸಿಕೊಳ್ಳುವವರು ಇನ್ನೂ ಕಡಿಮೆಯಾದರು ಎಂಬುದು ನನ್ನ ಅನುಮಾನ.

ನಿಜವಾದ ತಿರುವು ತಂದದ್ದು 11ಇ ನಕ್ಷೆ. ನಂಬರಿನ ಒಂದು ಭಾಗ ಮಾರಬೇಕಾದರೆ, ದಾನ ಕೊಡಬೇಕಾದರೆ, ಪಾಲು ಮಾಡಿ ನೋಂದಾಯಿಸಬೇಕಾದರೆ, ಮೊದಲು ಅಳೆಸಿ ಆ ಭಾಗದ ನಕ್ಷೆ ಮಾಡಿಸಿ ತಾ ಎಂಬ ನಿಯಮ ಅದು. ಮೊದಲು ಸರಪಳಿ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ. ನಮ್ಮ ಆರು ಜನರ ನಂಬರಿನಲ್ಲಿ ಈಗ ಯಾರಾದರೂ ಹತ್ತು ಗುಂಟೆ ಮಾರಹೊರಟರೆ, ಪಹಣಿಗೂ ಆಕಾರ್‌ಬಂದಿಗೂ ತಾಳೆಯಿಲ್ಲ ಎಂದು ಅರ್ಜಿ ಅಲ್ಲೇ ನಿಲ್ಲುತ್ತದೆ. ಜನ ಇದನ್ನು ಶಪಿಸುತ್ತಾರೆ. ಮಗಳ ಮದುವೆಗೆ ಹಣ ಬೇಕಾದಾಗ ಅಜ್ಜನ ಕಾಲದ ಎರಡು ಗುಂಟೆ ಅಡ್ಡ ನಿಂತರೆ ಯಾರಾದರೂ ಶಪಿಸುತ್ತಾರೆ. ಆದರೆ ಅರ್ಜಿ ನಿಂತದ್ದು ನಿಯಮದಿಂದಲ್ಲ, ನೆಲದ ಮೇಲೆ ಹಂಚದೆ ಕಾಗದದ ಮೇಲೆ ಹಂಚಿದ ಆ ದಿನದಿಂದ. ನಿಯಮ ಅದನ್ನು ಮೂರನೆಯವನ ತಲೆಗೆ ಕಟ್ಟುವ ಮೊದಲು ತೋರಿಸಿತು, ಅಷ್ಟೆ.

ಪರಿಹಾರಕ್ಕೆ ಹೆಸರು ಹಳೆಯದೇ, ಪೋಡಿ. ಅರ್ಜಿ ಹಾಕಿ ಶುಲ್ಕ ಕಟ್ಟಿದ ಮೇಲೆ ಭೂಮಾಪಕರು ನಿಗದಿಯಾಗುತ್ತಾರೆ, ಒಳಗಿನ ಪಾಲುದಾರರಿಗೂ ಸುತ್ತಲಿನ ಹಿಡುವಳಿದಾರರಿಗೂ ನೋಟಿಸು ಹೋಗುತ್ತದೆ. ಆ ದಿನ ಮೊದಲು ಮಾಡುವ ಕೆಲಸ ಹೊರಗೆರೆ ಹಿಡಿಯುವುದು. ಬಾಂದು ಕಲ್ಲು ಹುಡುಕಿ ಟಿಪ್ಪಣಿಯ ಅಂಕಿಗಳಿಂದ ನಂಬರಿನ ನಾಲ್ಕೂ ಕಡೆ ಗುರುತಿಸುತ್ತಾರೆ. ಆಮೇಲೆ ಒಳಗಿನ ಒಬ್ಬೊಬ್ಬರ ಅನುಭವದ ಬದುವನ್ನು ಅಳೆದು ಕೂಡುತ್ತಾರೆ. ಕೂಡಿದ್ದು ಆಕಾರ್‌ಬಂದಿನ ಸಾಗುವಳಿ ವಿಸ್ತೀರ್ಣಕ್ಕೆ ಸರಿಹೋಗಬೇಕು, ಖರಾಬು ಖರಾಬಾಗಿ ಉಳಿಯಬೇಕು. 74ರ ಆರು ಜನ ಎರಡು ಗುಂಟೆ ಬಿಟ್ಟುಕೊಡಲೇಬೇಕಾದ್ದು ಇಲ್ಲಿ. ಯಾರು ಎಷ್ಟು ಬಿಡಬೇಕು ಎಂಬುದನ್ನು ಸರ್ವೆಯವರು ತೀರ್ಮಾನಿಸಲಾರರು. ಒಪ್ಪಿ ಸಹಿ ಹಾಕಿದರೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಪರಿಶೀಲನೆಯಾಗಿ 74/1ರಿಂದ 74/6ರವರೆಗೆ ಹೊಸ ನಂಬರು, ಹೊಸ ಟಿಪ್ಪಣಿ, ಬೇರೆ ಬೇರೆ ಪಹಣಿ. ಒಬ್ಬ ಒಪ್ಪದಿದ್ದರೂ ಕೆಲಸ ಸಿವಿಲ್ ಕೋರ್ಟಿನ ಕಡೆ ಹೊರಳುತ್ತದೆ.

ಇಲ್ಲಿ ಕೇಳಬೇಕಾದ ಆಕ್ಷೇಪವೊಂದಿದೆ, ಅದು ಹಗುರವಾದದ್ದಲ್ಲ. ಪೋಡಿ ಮಾಡಿದರೆ ಜಮೀನು ಚೂರುಚೂರಾಗುತ್ತದೆ, ಇಪ್ಪತ್ತು ಗುಂಟೆಯ ತುಂಡುಗಳಲ್ಲಿ ಯಾರು ಬೇಸಾಯ ಮಾಡಿಯಾರು ಎಂದು ಕೃಷಿ ಬಲ್ಲವರು ಕೇಳುತ್ತಾರೆ. ತುಂಡಾಗದಂತೆ ತಡೆಯಲು 1966ರಲ್ಲಿ ಒಂದು ಕಾಯ್ದೆಯೇ ಬಂದಿತ್ತು, ಆಮೇಲೆ ಅದನ್ನು ರದ್ದು ಮಾಡಿದರು. ಕಾಯ್ದೆ ಇದ್ದಾಗಲೂ ಮನೆಯೊಳಗಿನ ಪಾಲು ನಿಲ್ಲಲಿಲ್ಲ. ನಿಂತದ್ದು ಪಾಲನ್ನು ದಾಖಲೆಗೆ ತರುವುದು. ಬದು ಹಾಕಿದ ದಿನವೇ ಹೊಲ ತುಂಡಾಗಿದೆ. ಪೋಡಿ ಆ ತುಂಡನ್ನು ಹುಟ್ಟಿಸುವುದಿಲ್ಲ, ಒಪ್ಪಿಕೊಳ್ಳುತ್ತದೆ. ಒಟ್ಟಿಗೆ ಬೇಸಾಯ ಮಾಡುವ ಅಣ್ಣತಮ್ಮಂದಿರಿಗೆ ಬೇರೆ ಪಹಣಿ ಅಡ್ಡಿಯಾದದ್ದನ್ನು ನಾನು ಕಾಣೆ. ಜಂಟಿ ಪಹಣಿಯಲ್ಲಿ ಒಬ್ಬನ ಸಾಲಕ್ಕೆ, ಒಬ್ಬನ ಕೇಸಿನ ತಡೆಯಾಜ್ಞೆಗೆ ಉಳಿದವರೆಲ್ಲ ಕೈಕಟ್ಟಿ ಕೂರುವುದು ಮಾತ್ರ ಪ್ರತಿ ಹೋಬಳಿಯಲ್ಲೂ ಕಾಣುವ ನೋಟ. ಹೆಣ್ಣುಮಕ್ಕಳಿಗೆ ಹಕ್ಕಿನ ಪಾಲು ಕೊಡಬೇಕಾಗಿ ಬಂದಾಗ ಹಳೇ ಪಾಲುಪಟ್ಟಿಗಳೆಲ್ಲ ಮತ್ತೆ ತೆರೆದುಕೊಳ್ಳುತ್ತವೆ ಎಂಬ ಭಯವೂ ಪೋಡಿಗೆ ಹಿಂಜರಿಯುವುದರ ಹಿಂದಿದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಇನ್ನೊಂದು ಮಾತು ಈಗ ಜೋರಾಗಿ ಕೇಳುತ್ತಿದೆ. ಡ್ರೋನು, ಉಪಗ್ರಹ ಬಂದಿವೆ, ಪ್ರತಿ ಜಮೀನಿಗೆ ಹದಿನಾಲ್ಕು ಅಂಕಿಯ ಭೂ ಆಧಾರ್ ಸಂಖ್ಯೆ ಬರುತ್ತಿದೆ, ಇನ್ನು ಸರಪಳಿ ಕಾಲದ ಸರ್ವೆ ನಂಬರನ್ನು ಕಟ್ಟಿಕೊಂಡು ಏನು ಮಾಡುವುದು ಎಂದು. ಮೊಬೈಲಿನಲ್ಲಿ ದಿಶಾಂಕ್ ತೆರೆದು ನಿಂತಲ್ಲೇ ಯಾವ ನಂಬರು ಎಂದು ನೋಡಿಕೊಳ್ಳುವ ಕಾಲ ಬಂದಿರುವುದು ನಿಜ, ಅದು ಬಹಳ ಉಪಯೋಗದ್ದೂ ಹೌದು. ಆದರೆ ಅದು ತೋರಿಸುವ ಗೆರೆ ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು. ಬದುವಿಗೂ ಆ ಗೆರೆಗೂ ಕೆಲವು ಮಾರು ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ, ಪಕ್ಕದವನ ಮೇಲೆ ಏರಿ ಹೋಗಬೇಕಾಗಿಯೂ ಇಲ್ಲ. ಡ್ರೋನು ಬದುವನ್ನು ಅಂಗುಲದ ಲೆಕ್ಕದಲ್ಲಿ ಹಿಡಿಯಬಲ್ಲದು. ಆ ಬದು ಹಕ್ಕಿನ ಗೆರೆಯೋ ಒತ್ತುವರಿಯ ಗೆರೆಯೋ ಎಂದು ಅದಕ್ಕೆ ಗೊತ್ತಾಗದು. 74ರಲ್ಲಿ ಬಂಡಿದಾರಿ ತಿಂದು ನಿಂತ ಬದುವನ್ನು ಇದ್ದ ಹಾಗೇ ಹಿಡಿದು ಹದಿನಾಲ್ಕು ಅಂಕಿ ಕೊಟ್ಟರೆ, ಪಾಲುಪಟ್ಟಿಯ ಎರಡು ಗುಂಟೆ ತಪ್ಪು ಈ ಸಲ ಸರ್ಕಾರದ ಮುದ್ರೆಯೊಂದಿಗೆ ಕಾಯಂ ಆಗುತ್ತದೆ. ಹಾಗಾಗದಂತೆ ನೋಡಿಕೊಳ್ಳಲು ಎದುರಿಗೆ ಇಟ್ಟು ಹೋಲಿಸಬೇಕಾದ್ದು ಅದೇ ಹಳೆಯ ಟಿಪ್ಪಣಿ, ಅದೇ ಆಕಾರ್‌ಬಂದ್.

ಈಚೆಗೆ ದರಖಾಸ್ತು ಪೋಡಿಯನ್ನು ಅಭಿಯಾನದಂತೆ ಕೈಗೆತ್ತಿಕೊಂಡಿರುವುದು ಈ ದೃಷ್ಟಿಯಿಂದ ಸರಿಯಾದ ತುದಿಯಿಂದ ಹಿಡಿದ ಕೆಲಸ ಎಂದು ನನ್ನ ಎಣಿಕೆ. ಅದರಲ್ಲಿ ನಮೂನೆ 1ರಿಂದ 5ರವರೆಗಿನದು ಕಾಗದದ ಪರಿಶೀಲನೆ. ಮಂಜೂರಾತಿ ಆದೇಶ ಇದೆಯೇ, ಸಾಗುವಳಿ ಚೀಟಿ ಇದೆಯೇ, ನಂಬರಿನ ಒಟ್ಟು ವಿಸ್ತೀರ್ಣದೊಳಗೆ ಎಲ್ಲ ಮಂಜೂರಾತಿಗಳೂ ಹಿಡಿಸುತ್ತವೆಯೇ ಎಂದು ನೋಡುವುದು. ಅದಾದ ಮೇಲಿನದು ಅಳತೆ. ಕಷ್ಟವಿರುವುದು ಮೊದಲ ಹಂತದಲ್ಲೇ. ಮಂಜೂರಾತಿ ಕಡತಗಳು ಎಷ್ಟೋ ತಾಲ್ಲೂಕುಗಳ ದಾಖಲೆ ಕೊಠಡಿಯಲ್ಲಿ ಸಿಗುವುದಿಲ್ಲ, ತಾಲ್ಲೂಕು ಒಡೆದಾಗ ಅರ್ಧ ಕಡತ ಹಳೇ ಕಚೇರಿಯಲ್ಲಿ, ಅರ್ಧ ಹೊಸತರಲ್ಲಿ ಉಳಿದಿರುತ್ತವೆ. ಹೊಸ ತಾಲ್ಲೂಕು ಕೇಳುವ ಹೋರಾಟಗಳಲ್ಲಿ ಕಚೇರಿ ಕಟ್ಟಡದ ಮಾತು ಬರುತ್ತದೆ, ದಾಖಲೆ ಕೊಠಡಿಯ ಮಾತು ಬಂದದ್ದು ನನಗೆ ನೆನಪಿಲ್ಲ. ರೈತನ ಕೈಯಲ್ಲಿರುವ ಮಾಸಿದ ಸಾಗುವಳಿ ಚೀಟಿಯೇ ಬಹಳ ಕಡೆ ಉಳಿದಿರುವ ಒಂದೇ ಪುರಾವೆ. ಅದನ್ನು ಲ್ಯಾಮಿನೇಷನ್ ಮಾಡಿಸಿಬಿಡುವವರಿದ್ದಾರೆ, ಆಗ ಹಿಂಬದಿಯ ಸಹಿ, ಮೊಹರನ್ನು ಪರೀಕ್ಷಿಸುವುದು ಕಷ್ಟವಾಗುತ್ತದೆ. ಪ್ಲಾಸ್ಟಿಕ್ ಹೊದಿಕೆಯ ಕಡತದಲ್ಲಿ ಬಿಡಿಯಾಗಿಟ್ಟು, ಒಂದು ದೃಢೀಕೃತ ನಕಲು ತೆಗೆಸಿಟ್ಟರೆ ಸಾಕು.